ಮೊದಲ ಬೋರ್ಡ್ ಗೇಮಿನ ಪ್ರಿ-ಆರ್ಡರ್: ಗುರಿ 2 ಲಕ್ಷ ಸಾಕೇ?

ಕವಡೆ_ಆಟ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾಲ್ಕು ಜನ ಆಡುವ ಬೋರ್ಡ್ ಗೇಮ್ ಒಂದು ಸಿದ್ಧವಿದೆ. ಮಡಚುವ ಬೋರ್ಡ್ ಒಂದು, 110 ಕಾರ್ಡ್, ಚನ್ನಪಟ್ಟಣದ ಮರದ ಕಾಯಿ 16, ನಿಯಮ ಪುಸ್ತಕ. ಡಬ್ಬಿ 30×30×7 ಸೆಂ.ಮೀ., ಒಟ್ಟು ತೂಕ 1.2 ಕೆ.ಜಿ. ನಮ್ಮದೇ ವೆಬ್‌ಸೈಟಿನಲ್ಲಿ 30 ದಿನ ಪ್ರಿ-ಆರ್ಡರ್ ತೆಗೆದುಕೊಂಡು, ಗುರಿ ಮುಟ್ಟದಿದ್ದರೆ ಎಲ್ಲರಿಗೂ ಹಣ ವಾಪಸ್ ಮಾಡುವ ಯೋಚನೆ. ಬೆಲೆ ₹1,499, ಕೊರಿಯರ್ ಸೇರಿ.

ಶಿವಕಾಶಿಯ ಪ್ರೆಸ್ಸಿನವರ ಕೊಟೇಶನ್ ಜಿಎಸ್‌ಟಿ ಬಿಟ್ಟು ಹೀಗಿದೆ: 300 ಪ್ರತಿಗೆ ₹2,18,000, 500ಕ್ಕೆ ₹2,60,000, 1,000ಕ್ಕೆ ₹3,65,000. ಕಾಯಿ ಒಂದಕ್ಕೆ ₹9. ಚಿತ್ರ ಬರೆದವರಿಗೆ ಇನ್ನೂ ₹50,000 ಬಾಕಿ. ಸ್ಯಾಂಪಲ್‌ಗೆ ₹12,000. ಕೊರಿಯರ್ ಸರಾಸರಿ ₹160, ಹೊರಗಿನ ರಟ್ಟಿನ ಪೆಟ್ಟಿಗೆ ಮತ್ತು ಪ್ಯಾಕಿಂಗಿಗೆ ₹35 ಅಂದುಕೊಂಡಿದ್ದೇವೆ.

ಗುರಿ ₹2 ಲಕ್ಷ ಇಟ್ಟರೆ ಬೇಗ ತುಂಬುತ್ತದೆ, ತುಂಬಿದ್ದು ನೋಡಿ ಇನ್ನಷ್ಟು ಜನ ಬರುತ್ತಾರೆ ಅನ್ನುವುದು ನಮ್ಮ ಲೆಕ್ಕ. ಜೂನ್ ಕೊನೆಗೆ ಅಭಿಯಾನ ಮುಗಿಸಿ ದೀಪಾವಳಿಗೆ ಎಲ್ಲರ ಮನೆಗೆ ಮುಟ್ಟಿಸುತ್ತೇವೆ ಎಂದು ಹೇಳಬಹುದೇ?

ಪಗಡೆಪ್ರಿಯೆ

ಗುರಿ ಚಿಕ್ಕದಿರಲಿ. ಮೊದಲ ಎರಡು ದಿನದಲ್ಲಿ ಗುರಿ ದಾಟಿದ ಅಭಿಯಾನಕ್ಕೆ ಜನ ತಾವಾಗಿ ಸೇರಿಕೊಳ್ಳುತ್ತಾರೆ. 30 ದಿನದಲ್ಲಿ ಮೊದಲ ಮೂರು ದಿನ, ಕೊನೆಯ ಎರಡು ದಿನ ಬಿಟ್ಟರೆ ನಡುವೆ ಬರುವ ಆರ್ಡರ್ ತೀರಾ ಕಡಿಮೆ. ಆ ಬರಗಾಲದಲ್ಲಿ "ಗುರಿಯ 30% ಮಾತ್ರ ಆಗಿದೆ" ಅಂತ ಕಾಣಿಸಿದರೆ ನೋಡಲು ಬಂದವರೂ ವಾಪಸ್ ಹೋಗುತ್ತಾರೆ. ಕೊರಿಯರ್ ಸೇರಿಸಿ ಒಂದೇ ಬೆಲೆ ಹೇಳಿದ್ದೂ ಒಳ್ಳೆಯದೇ.

ಶೀಟು_ಲೆಕ್ಕ

ಪಗಡೆಪ್ರಿಯೆ ಮೇಡಂ ಜನರ ಬಗ್ಗೆ ಹೇಳಿದ್ದು ಸರಿ, ಗುರಿಯ ಬಗ್ಗೆ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಗುರಿ ಅಂದರೆ "ಇಷ್ಟು ಬಂದರೆ ಆಟ ಮಾಡಿ ಕೊಡುತ್ತೇನೆ" ಎಂಬ ಮಾತು. ಅದಕ್ಕೆ ಮೊದಲು ಕೊಟೇಶನ್ ಬಿಡಿಸಿ ನೋಡಿ.

500ರಿಂದ 1,000ಕ್ಕೆ ಹೋದಾಗ ಹೆಚ್ಚಾದದ್ದು ₹1,05,000. ಅಂದರೆ ಹೆಚ್ಚಿನ ಪ್ರತಿ ಒಂದಕ್ಕೆ ₹210. ಇದೇ ದರದಲ್ಲಿ 500 ಪ್ರತಿಗೆ ಕಾಗದ, ಅಚ್ಚು, ಅಂಟಿಸುವ ಕೂಲಿ ₹1,05,000 ಆಯಿತು. ಉಳಿದ ₹1,55,000 ಪ್ಲೇಟು, ಡೈ, ಮಷಿನ್ ಹೊಂದಿಸುವ ಖರ್ಚು. 300ರ ಕೊಟೇಶನ್ನಿಗೂ ಇದು ಸರಿಯಾಗಿ ಕೂರುತ್ತದೆ. ನೀವು ಹತ್ತು ಪ್ರತಿ ಮಾಡಿಸಿದರೂ ಈ ಒಂದೂವರೆ ಲಕ್ಷ ತಪ್ಪಿದ್ದಲ್ಲ. ಕಡಿಮೆ ಜನ ಬಂದರೆ ಕಡಿಮೆ ಪ್ರತಿ ಮಾಡಿದರಾಯಿತು ಅನ್ನುವ ಸಮಾಧಾನ ಅಚ್ಚಿನ ಕೆಲಸದಲ್ಲಿ ನಡೆಯುವುದಿಲ್ಲ.

ಈಗ ಒಬ್ಬ ಗಿರಾಕಿಯಿಂದ ನಿಮ್ಮ ಕೈಗೆ ಬರುವುದೆಷ್ಟು? ₹1,499ರಲ್ಲಿ 5% ಜಿಎಸ್‌ಟಿ ತೆಗೆದರೆ ₹1,428. ಪೇಮೆಂಟ್ ಗೇಟ್‌ವೇ 2%, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹35. ಪ್ಯಾಕಿಂಗ್ ₹35, ಕೊರಿಯರ್ ₹160. ಉಳಿದದ್ದು ಸುಮಾರು ₹1,197.

₹2 ಲಕ್ಷದ ಗುರಿಗೆ 134 ಜನ ಸಾಕು. ಅವರಿಂದ ಉಳಿಯುವುದು ₹1,60,000. ಅತಿ ಕಡಿಮೆ ಅಂದರೆ 300 ಪ್ರತಿ ಮಾಡಿಸಬೇಕು: ಪ್ರೆಸ್ ₹2,18,000, ಕಾಯಿಗೆ 5% ಹೆಚ್ಚುವರಿ ಸೇರಿಸಿ ₹45,360, ಚಿತ್ರ ಮತ್ತು ಸ್ಯಾಂಪಲ್ ₹62,000, ಒಟ್ಟು ₹3,25,360. ಪರದೆಯ ಮೇಲೆ "ಗುರಿ ಮುಟ್ಟಿತು" ಅಂತ ಬಂದ ದಿನವೇ ನಿಮಗೆ ₹1,65,000 ಕೊರತೆ. ಆದರೆ ಗುರಿ ಮುಟ್ಟಿದ್ದರಿಂದ ಹಣ ವಾಪಸ್ ಮಾಡುವ ದಾರಿ ಮುಚ್ಚಿ, ಆಟ ಕೊಡಲೇಬೇಕಾದ ಹೊಣೆ ಬಂದಿರುತ್ತದೆ.

500 ಪ್ರತಿಗೆ ಲೆಕ್ಕ ಹಾಕಿ: ಪ್ರೆಸ್ ₹2,60,000, ಕಾಯಿ 8,400ಕ್ಕೆ ₹75,600, ಚಿತ್ರ ಮತ್ತು ಸ್ಯಾಂಪಲ್ ₹62,000. ಒಟ್ಟು ₹3,97,600. ಅನಿರೀಕ್ಷಿತ ಖರ್ಚಿಗೆಂದು ಮೇಲೆ 10% ಕೈಕಾಪು ಇಟ್ಟರೆ ₹4,37,360. ಇದನ್ನು ₹1,197ರಿಂದ ಭಾಗಿಸಿದರೆ 366 ಜನ, ಅಂದರೆ ₹5.5 ಲಕ್ಷ. 300ಕ್ಕೂ ಹೀಗೇ ಕೈಕಾಪು ಇಟ್ಟು ಲೆಕ್ಕ ಹಾಕಿದರೆ 299 ಜನ ಬೇಕು. ಆಗ ಒಡೆದ ಡಬ್ಬಿಗೆ ಬದಲಿ ಕೊಡಲು ಉಳಿಯುವುದು ಒಂದೇ ಪ್ರತಿ. ಆದ್ದರಿಂದ 500 ಮಾಡಿಸುವುದು, ಗುರಿ ₹5.5 ಲಕ್ಷ ಇಡುವುದು ನನ್ನ ಸಲಹೆ.

ಪಗಡೆಪ್ರಿಯೆ

ಲೆಕ್ಕ ಒಪ್ಪಿದೆ ಸರ್. ಆದರೆ ಕೊರತೆಯ ಒಂದೂವರೆ ಲಕ್ಷ ತಾವೇ ಹಾಕುತ್ತೇವೆ ಅಂತ ತೀರ್ಮಾನಿಸಿದವರು ಚಿಕ್ಕ ಗುರಿ ಇಡುವುದರಲ್ಲಿ ತಪ್ಪೇನು? ಉಳಿದ ಪ್ರತಿಗಳು ಆಮೇಲೂ ಮಾರಾಟ ಆಗುತ್ತವಲ್ಲ.

ಶೀಟು_ಲೆಕ್ಕ

ಆ ಹಣ ಈಗಲೇ ಬ್ಯಾಂಕಿನಲ್ಲಿ ಇದ್ದರೆ ತಪ್ಪಿಲ್ಲ. "ಆಮೇಲೆ ಹೊಂದಿಸುತ್ತೇವೆ" ಎಂಬುದಾದರೆ ಬೇಡ. ಇದಕ್ಕೆ ದಾಖಲೆಯಲ್ಲಿರುವ ಉದಾಹರಣೆ ಅಮೆರಿಕದ 'ದಿ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ' ಎಂಬ ಬೋರ್ಡ್ ಗೇಮ್. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 35,000 ಡಾಲರ್ ಗುರಿ ಇಟ್ಟು 1,22,000 ಡಾಲರ್‌ಗೂ ಹೆಚ್ಚು ಸಂಗ್ರಹಿಸಿದರು. 2013ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಬಂದ ಹಣದಲ್ಲಿ ಹೆಚ್ಚಿನ ಪಾಲು ಬಾಡಿಗೆಗೆ, ಸ್ವಂತ ಖರ್ಚಿಗೆ ಹೋಗಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ 2015ರಲ್ಲಿ ಕ್ರಮ ಕೈಗೊಂಡಿತು. ಕ್ರೌಡ್‌ಫಂಡಿಂಗ್ ವಿಷಯದಲ್ಲಿ ಅದು ಆ ಕಮಿಷನ್ನಿನ ಮೊದಲ ಪ್ರಕರಣ. ಗುರಿಯ ಮೂರು ಪಟ್ಟು ದಾಟಿದ ಅಭಿಯಾನ ಅದು ಎಂಬುದನ್ನು ಗಮನಿಸಿ. ಪ್ರಿ-ಆರ್ಡರ್ ಹಣಕ್ಕೆ ಬೇರೆಯೇ ಖಾತೆ ತೆರೆಯಿರಿ, ಮನೆ ಖರ್ಚಿನ ಖಾತೆಗೆ ಅದು ಬರಲೇಬಾರದು.

ನ್ಯೂಜೆರ್ಸಿ_ಕನ್ನಡಿಗ

ಒಳ್ಳೆಯ ಚರ್ಚೆ. ನನ್ನ ತಮ್ಮನೂ ಬೆಂಗಳೂರಿನಲ್ಲಿ ಒಂದು ಆಟ ಮಾಡಿದ್ದಾನೆ. ಕಿಕ್‌ಸ್ಟಾರ್ಟರ್‌ನಲ್ಲಿ ನನ್ನ ಹೆಸರಿನಲ್ಲಿ ಹಾಕಿ, ಬೆಂಗಳೂರಿನಿಂದ ನೇರ ಇಲ್ಲಿನ ಗಿರಾಕಿಗಳಿಗೆ ಪಾರ್ಸೆಲ್ ಕಳಿಸೋಣ ಅಂತಿದ್ದೇವೆ. ಕಿಕ್‌ಸ್ಟಾರ್ಟರ್ ಎಷ್ಟು ಹಿಡಿದುಕೊಳ್ಳುತ್ತದೆ?

ತೆರಿಗೆ_ಟಿಪ್ಪಣಿ

ಇಲ್ಲಿ ಕೇಳಿರುವುದು ಸ್ವಂತ ವೆಬ್‌ಸೈಟಿನ ಬಗ್ಗೆ ಅಣ್ಣ, ಆದರೂ ಹೇಳುತ್ತೇನೆ. ಕಿಕ್‌ಸ್ಟಾರ್ಟರ್ 5% ತೆಗೆದುಕೊಳ್ಳುತ್ತದೆ. ಕಾರ್ಡಿನ ಶುಲ್ಕ ಸುಮಾರು 3% ಮತ್ತು ಪ್ರತಿ ಆರ್ಡರಿಗೆ 20 ಸೆಂಟ್ ಬೇರೆ. ಗುರಿ ಮುಟ್ಟಿದರೆ ಮಾತ್ರ ಹಣ, ಅದೂ ಮುಗಿದ ಎರಡು ವಾರದ ನಂತರ. ಭಾರತದಲ್ಲಿ ಇರುವವರು ಅಲ್ಲಿ ಅಭಿಯಾನ ತೆರೆಯಲು ಅವಕಾಶ ಇಲ್ಲ, ಅದಕ್ಕೇ ನಿಮ್ಮ ಹೆಸರು ಬೇಕಾಗಿದೆ. ಆದರೆ ಹೆಸರು ನಿಮ್ಮದಾದರೆ ಆದಾಯವೂ ಹೊಣೆಯೂ ನಿಮ್ಮದೇ. ಎಚ್‌-1ಬಿ ವೀಸಾದಲ್ಲಿದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ, ಕಂಪನಿಯ ಕೆಲಸ ಬಿಟ್ಟು ಬೇರೆ ದುಡಿಮೆಗೆ ಆ ವೀಸಾದಲ್ಲಿ ಅನುಮತಿ ಇರುವುದಿಲ್ಲ. ಇನ್ನು ಒಂದೊಂದೇ ಪಾರ್ಸೆಲ್ ಕಳಿಸುವ ಮಾತು: ಅಮೆರಿಕಕ್ಕೆ ಬರುವ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಎಂಬ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಯಾಯಿತು. ಸುಂಕ ಯಾರು ಕಟ್ಟುತ್ತಾರೆ ಎಂದು ಅಭಿಯಾನದ ಪುಟದಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಗಿರಾಕಿ ಪಾರ್ಸೆಲ್ ಬಿಡಿಸಿಕೊಳ್ಳದೆ ವಾಪಸ್ ಕಳಿಸುತ್ತಾರೆ.

ಕವಡೆ_ಆಟ ಅವರಿಗೆ: ನಿಮ್ಮದು ಪ್ರೊಪ್ರೈಟರ್‌ಶಿಪ್ಪೋ, ಪ್ರೈವೇಟ್ ಲಿಮಿಟೆಡ್ಡೋ? ಜಿಎಸ್‌ಟಿ ನೋಂದಣಿ ಆಗಿದೆಯೇ?

ಕವಡೆ_ಆಟ (ಮೈಸೂರು)

ಪ್ರೈವೇಟ್ ಲಿಮಿಟೆಡ್. ನೋಂದಣಿ ಮಾಡಿಸಿಲ್ಲ, ವಹಿವಾಟು 40 ಲಕ್ಷ ಮುಟ್ಟುವುದಿಲ್ಲವಲ್ಲ ಅಂತ.

ತೆರಿಗೆ_ಟಿಪ್ಪಣಿ

40 ಲಕ್ಷದ ಮಿತಿ ಕರ್ನಾಟಕದೊಳಗೇ ಸರಕು ಮಾರುವವರಿಗೆ. ಚೆನ್ನೈಗೋ ಪುಣೆಗೋ ಒಂದೇ ಒಂದು ಡಬ್ಬಿ ಕಳಿಸಿದರೂ ನೋಂದಣಿ ಕಡ್ಡಾಯ. ಕಾಂಪೊಸಿಷನ್ ಯೋಜನೆಯಲ್ಲೂ ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ. ಅಭಿಯಾನ ಶುರುವಾಗುವ ಮೊದಲೇ ಮಾಡಿಸಿ.

ಬೋರ್ಡ್ ಗೇಮಿನ ದರ 2025ರ ಸೆಪ್ಟೆಂಬರ್ 22ರಿಂದ 12% ಇದ್ದದ್ದು 5% ಆಗಿದೆ. ಸರಕಿಗೆ ಮುಂಗಡ ಪಡೆದ ದಿನವೇ ಜಿಎಸ್‌ಟಿ ಕಟ್ಟಬೇಕಿಲ್ಲ, ಸರಕು ಕಳಿಸಿ ಬಿಲ್ ಮಾಡುವಾಗ ಕಟ್ಟಬೇಕು. ಇಲ್ಲೇ ಹಲವರು ಎಡವುವುದು. 366 ಆರ್ಡರಿನಲ್ಲಿ ಸುಮಾರು ₹26,000 ಜಿಎಸ್‌ಟಿ ಸೇರಿರುತ್ತದೆ, ಅದು ತಿಂಗಳುಗಟ್ಟಲೆ ಖಾತೆಯಲ್ಲಿ ಕೂತು ನಿಮ್ಮದೇ ಹಣದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ, ಪ್ರೆಸ್ಸಿನವರು ಬಿಲ್ಲಿಗೆ 18% ಹಾಕಿದರೆ ₹2,60,000ಕ್ಕೆ ₹46,800 ಮೊದಲೇ ಕೊಡಬೇಕು. ಅದು ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಆಗಿ ಸಿಗುತ್ತದೆ ನಿಜ, ಆದರೆ ನೀವು ಕಟ್ಟಬೇಕಾದದ್ದೇ ₹26,000. ಉಳಿದ ಇಪ್ಪತ್ತು ಸಾವಿರ ಕ್ರೆಡಿಟ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಶೀಟು_ಲೆಕ್ಕ ಅವರು ಹೇಳಿದ ₹40,000 ಕೈಕಾಪಿನಲ್ಲಿ ಅರ್ಧ ಇದಕ್ಕೇ ಹೋಯಿತು ಅಂತ ಇಟ್ಟುಕೊಳ್ಳಿ.

ಇನ್ನು ಪ್ರೈವೇಟ್ ಲಿಮಿಟೆಡ್ ಆದ್ದರಿಂದ ಬರುವ ಮಾತು. ಕಂಪನಿ ಸರಕಿಗೆಂದು ಪಡೆದ ಮುಂಗಡವನ್ನು 365 ದಿನದೊಳಗೆ ಆ ಸರಕಿಗೆ ಹೊಂದಿಸಬೇಕು. ಹೊಂದಿಸದಿದ್ದರೆ 2014ರ ಠೇವಣಿ ನಿಯಮಗಳ ಪ್ರಕಾರ ಅದು ಸಾರ್ವಜನಿಕರಿಂದ ಪಡೆದ ಠೇವಣಿ ಎನಿಸಬಹುದು, ಅದರ ಕಟ್ಟುಪಾಡುಗಳೇ ಬೇರೆ. ಅಂದರೆ "ಸ್ವಲ್ಪ ತಡವಾಗುತ್ತದೆ" ಅನ್ನುವುದಕ್ಕೆ ನಿಮಗೆ ಕಾನೂನಿನ ಗಡುವೂ ಇದೆ, ಅದು ಒಬ್ಬೊಬ್ಬರು ಹಣ ಕಟ್ಟಿದ ದಿನದಿಂದ ಎಣಿಕೆ.

ಹಾವು_ಏಣಿ

ಗುರಿ ಮುಟ್ಟದಿದ್ದರೆ ಗೇಟ್‌ವೇ ಶುಲ್ಕ ವಾಪಸ್ ಬರುತ್ತದೆಯೇ?

ತೆರಿಗೆ_ಟಿಪ್ಪಣಿ

ಸಾಮಾನ್ಯವಾಗಿ ಬರುವುದಿಲ್ಲ. 200 ಜನರಿಗೆ ಪೂರ್ತಿ ಹಣ ಹಿಂತಿರುಗಿಸಿದರೆ ₹7,000 ನಿಮ್ಮ ಕೈಯಿಂದ ಹೋಗುತ್ತದೆ. ಇನ್ನೂ ಮುಖ್ಯವಾದ ಮಾತು: ಹಣ ಇಂದು, ಸರಕು ಐದು ತಿಂಗಳ ನಂತರ ಅನ್ನುವ ವ್ಯಾಪಾರವನ್ನು ಗೇಟ್‌ವೇಯವರು ಅಪಾಯದ್ದೆಂದು ನೋಡುತ್ತಾರೆ. ಮೊದಲೇ ತಿಳಿಸದಿದ್ದರೆ ಒಂದೇ ವಾರದಲ್ಲಿ ಲಕ್ಷಗಟ್ಟಲೆ ಬಂದದ್ದನ್ನು ಕಂಡು ಹಣ ತಡೆಹಿಡಿಯಬಹುದು. ಪ್ರಿ-ಆರ್ಡರ್ ಎಂದು ಬರೆದು ತಿಳಿಸಿ, ಅವರ ಒಪ್ಪಿಗೆಯನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಶೀಟು_ಲೆಕ್ಕ

ಕೊರಿಯರ್ ₹160 ಹೇಗೆ ಬಂತು? 1.2 ಕೆ.ಜಿ. ಎಂದು ತೂಗಿ ನೋಡಿದ್ದಾ?

ಕವಡೆ_ಆಟ (ಮೈಸೂರು)

ಹೌದು ಸರ್, ತೂಗಿ 1.5 ಕೆ.ಜಿ. ದರ ನೋಡಿದ್ದು. 2 ಕೆ.ಜಿ.ಗೆ ₹210 ಇದೆ.

ಶೀಟು_ಲೆಕ್ಕ

ಹಾಗಾದರೆ ನಿಮಗೆ ಬೀಳುವುದು ₹210. ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಹೆಚ್ಚಿನದಕ್ಕೆ ಬಿಲ್ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಬೇಕು, ಅದೂ ಹೊರ ಪೆಟ್ಟಿಗೆಯ ಅಳತೆ. ನಿಮ್ಮ ಡಬ್ಬಿಯ ಸುತ್ತ ಒಂದೊಂದು ಸೆಂ.ಮೀ. ಬಿಟ್ಟರೂ 32×32×9, ಅಂದರೆ 9,216. ಭಾಗಿಸಿದರೆ 1.84 ಕೆ.ಜಿ. ಅರ್ಧ ಕೆ.ಜಿ.ಯ ಮೆಟ್ಟಿಲುಗಳಲ್ಲಿ ದರ ಇರುವುದರಿಂದ 2 ಕೆ.ಜಿ.ಯ ಬಿಲ್. ಪ್ರತಿಗೆ ₹50 ಹೆಚ್ಚು, 366 ಜನಕ್ಕೆ ₹18,300.

ಪಗಡೆಪ್ರಿಯೆ

ಹಾಗಾದರೆ ಡಬ್ಬಿ ಆದಷ್ಟೂ ಚಿಕ್ಕದು ಮಾಡಲಿ. ಬೋರ್ಡನ್ನು ಇನ್ನೂ ಎರಡು ಮಡಿಕೆ ಮಡಚಿದರೆ ಪುಸ್ತಕದಷ್ಟು ಡಬ್ಬಿ ಸಾಕು.

ಶೀಟು_ಲೆಕ್ಕ

ಚಿಕ್ಕದು ಮಾಡಬೇಕು, ಆದರೆ ಒಂದು ಮಿತಿಯವರೆಗೆ ಮಾತ್ರ. ನಿಜವಾದ ತೂಕವೇ 1.2 ಕೆ.ಜಿ. ಇರುವಾಗ 1.5ರ ಮೆಟ್ಟಿಲಿಗಿಂತ ಕೆಳಗೆ ಇಳಿಯಲು ಆಗುವುದಿಲ್ಲ. ಡಬ್ಬಿ 29×22×7, ಹೊರ ಪೆಟ್ಟಿಗೆ 31×24×9 ಆದರೆ 1.34 ಕೆ.ಜಿ., ಅಲ್ಲಿಗೆ ಸಾಕು. ಅದಕ್ಕಿಂತ ಕುಗ್ಗಿಸಿದರೆ ಕೊರಿಯರ್‌ನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಮಡಿಕೆ ಹೆಚ್ಚಿದಷ್ಟೂ ಡೈ ಬದಲಾಗುತ್ತದೆ, ಮಡಿಕೆಯ ಗೆರೆಯಲ್ಲಿ ಕಾಗದ ಬೇಗ ಸೀಳುತ್ತದೆ. ನಾಲ್ಕು ಹಾಳೆಯ ಮಡಿಕೆಯೇ ಇರಲಿ, ಹೊಸ ಅಳತೆಗೆ ಹೊಸ ಕೊಟೇಶನ್ ತರಿಸಿ.

ಕೊರಿಯರ್ ಸೇರಿಸಿ ಒಂದೇ ಬೆಲೆ ಹೇಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಮೈಸೂರಿನೊಳಗಿನ ಪಾರ್ಸೆಲ್‌ಗೂ ಗುವಾಹಟಿಗೆ ಹೋಗುವುದಕ್ಕೂ ಎಷ್ಟೋ ಅಂತರ. ಯಾವ ಊರಿನವರು ಎಷ್ಟು ಜನ ಬರುತ್ತಾರೆ ಎಂಬುದು ಅಭಿಯಾನ ಮುಗಿಯುವವರೆಗೆ ತಿಳಿಯದು, ಸರಾಸರಿ ಅಂದದ್ದು ಊಹೆಯೇ.

ಪಗಡೆಪ್ರಿಯೆ

ಇದನ್ನು ನಾನು ಒಪ್ಪುವುದಿಲ್ಲ. ಕೊನೆಯ ಪುಟದಲ್ಲಿ "ಕೊರಿಯರ್ ₹190 ಹೆಚ್ಚುವರಿ" ಅಂತ ಕಂಡ ತಕ್ಷಣ ಜನ ಪುಟ ಮುಚ್ಚುತ್ತಾರೆ. ಬೇಕಿದ್ದರೆ ಕರ್ನಾಟಕಕ್ಕೆ ಸೇರಿಸಿ ಹೇಳಲಿ, ಉಳಿದ ಕಡೆಗೆ ಎರಡೇ ಎರಡು ದರ ಮೊದಲ ಪುಟದಲ್ಲೇ ಬರೆಯಲಿ.

ಕವಡೆ_ಆಟ (ಮೈಸೂರು)

ಕೊಡುಗೆಗಳ ಬಗ್ಗೆಯೂ ಹೇಳಿ. ಒಂದು ಆಟ, ಎರಡು ಆಟದ ಜೋಡಿ, ಸಹಿ ಹಾಕಿದ ಪ್ರತಿ, ಟಿ-ಶರ್ಟ್ ಜೊತೆ, ಗಿರಾಕಿಯ ಮುಖವೇ ಕಾರ್ಡಿನಲ್ಲಿ, ಹೀಗೆ ಐದು ಬಗೆ ಇಟ್ಟಿದ್ದೇವೆ. ₹7 ಲಕ್ಷ ದಾಟಿದರೆ ಎಲ್ಲರಿಗೂ 5 ಹೊಸ ಕಾರ್ಡ್ ಉಚಿತ.

ಶೀಟು_ಲೆಕ್ಕ

ಆ ಐದು ಕಾರ್ಡನ್ನೇ ಹತ್ತಿರದಿಂದ ನೋಡೋಣ. 63×88 ಮಿ.ಮೀ. ಕಾರ್ಡಿಗೆ ಸುತ್ತ 3 ಮಿ.ಮೀ. ಕತ್ತರಿಸುವ ಅಂಚು ಬಿಟ್ಟರೆ 69×94. ಶಿವಕಾಶಿಯಲ್ಲಿ 20×30 ಇಂಚಿನ ಶೀಟಿನಲ್ಲಿ ಅಚ್ಚು ಹಾಕಿದರೆ ಅಗಲಕ್ಕೆ 7, ಉದ್ದಕ್ಕೆ 8, ಒಟ್ಟು 56 ಕಾರ್ಡ್ ಕೂರುತ್ತವೆ. ನಿಮ್ಮ 110 ಕಾರ್ಡಿಗೆ ಎರಡು ಶೀಟು, ಅದರಲ್ಲಿ ಎರಡು ಜಾಗ ಖಾಲಿ. ಎರಡು ಕಾರ್ಡ್ ಹೆಚ್ಚು ಕೊಟ್ಟರೆ ಅಚ್ಚಿನ ಖರ್ಚು ಏನೂ ಹೆಚ್ಚಾಗುವುದಿಲ್ಲ. ಮೂರನೆಯ ಕಾರ್ಡ್ ಸೇರಿಸಿದ ಕ್ಷಣ ಮೂರನೇ ಶೀಟು ಬೇಕು: ಹೊಸ ಪ್ಲೇಟು, ಹೊಸ ಅಚ್ಚು, ಐದೂ ಕಾರ್ಡ್ ಹಾಕಿದರೂ 53 ಜಾಗ ವ್ಯರ್ಥ. ಐದು ಕಾರ್ಡಿನ ಆಸೆಗೆ 56 ಕಾರ್ಡಿನ ದುಡ್ಡು ಕೊಟ್ಟ ಹಾಗೆ. ಪ್ರೆಸ್ಸಿನವರು ಯಾವ ಶೀಟಿನಲ್ಲಿ ಹೂಡುತ್ತಾರೆ ಎಂದು ಕೇಳಿ, ಖಾಲಿ ಜಾಗ ಎಷ್ಟಿದೆಯೋ ಅಷ್ಟನ್ನೇ ಹೆಚ್ಚುವರಿ ಕೊಡುಗೆಯಾಗಿ ಇಡಿ.

ಮುಖದ ಕಾರ್ಡ್ ಬಿಡಿ. ಹತ್ತು ಜನರಲ್ಲಿ ಒಬ್ಬರು ಫೋಟೋ ಕಳಿಸಲು ಮೂರು ವಾರ ತೆಗೆದುಕೊಂಡರೆ ಇಡೀ ಶೀಟು ಅವರಿಗಾಗಿ ಕಾಯುತ್ತದೆ. ಟಿ-ಶರ್ಟೂ ಬೇಡ, ಐದು ಅಳತೆ ಅಂದರೆ ಐದು ಬಗೆಯ ಪಾರ್ಸೆಲ್. ಒಂದು ಆಟ, ಜೋಡಿ, ಅಂಗಡಿಯವರಿಗೆ ಆರರ ಕಟ್ಟು, ಈ ಮೂರು ಸಾಕು.

ಗೊಂಬೆ_ನಾಡು (ಚನ್ನಪಟ್ಟಣ)

ಕಾಯಿಯ ಬಗ್ಗೆ ಒಂದು ಪ್ರಶ್ನೆ. ಕಾಯಿ ದುಂಡಗಿದೆಯೋ, ಮನುಷ್ಯಾಕಾರದ ಚಪ್ಪಟೆ ಕಾಯಿಯೋ?

ಕವಡೆ_ಆಟ (ಮೈಸೂರು)

ದುಂಡಗಿನ ಪಗಡೆ ಕಾಯಿಯ ಹಾಗೆ. ನಾಲ್ಕು ಬಣ್ಣ.

ಗೊಂಬೆ_ನಾಡು (ಚನ್ನಪಟ್ಟಣ)

ಒಳ್ಳೆಯದಾಯಿತು. ನಮ್ಮಲ್ಲಿ ಕಾಯಿ ಲೇತ್ ಯಂತ್ರದಲ್ಲಿ ತಿರುಗುತ್ತಾ ಆಕಾರ ಪಡೆಯುವುದು, ಚಪ್ಪಟೆ ಆಕಾರ ಅದರಿಂದ ಬರುವುದಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ, ಆಮೇಲೆ ತಾಳೆಗರಿಯಲ್ಲಿ ಮೆರುಗು. ಹಾಗಾಗಿ ಒಂದೊಂದು ಸಲ ಮಾಡಿದ ಅರಗಿನ ಬಣ್ಣ ಕೂದಲೆಳೆಯಷ್ಟು ಬೇರೆ ಆಗುತ್ತದೆ. ಒಂದು ಬಣ್ಣದ 2,100 ಕಾಯಿಯನ್ನು ಒಂದೇ ಸಲ ಮಾಡಿದ ಅರಗಿನಲ್ಲಿ ಮುಗಿಸಿ ಎಂದು ಮೊದಲೇ ಹೇಳಿ. ಅರ್ಧ ಈಗ, ಅರ್ಧ ಆಮೇಲೆ ಮಾಡಿಸಿದರೆ ಒಂದೇ ಡಬ್ಬಿಯೊಳಗೆ ಎರಡು ಕೆಂಪು ಕಾಣಿಸುತ್ತವೆ.

ಸಮಯ ಹಿಡಿಯುವುದು ಬಣ್ಣಕ್ಕಲ್ಲ, ಮರಕ್ಕೆ. ಆಲೆ ಮರ ಕಡಿದ ಮೇಲೆ ಎರಡು-ಮೂರು ತಿಂಗಳು ಒಣಗಬೇಕು. ಹಸಿ ಇರುವಾಗಲೇ ಕಡೆದರೆ ಡಬ್ಬಿಯಲ್ಲಿ ಕೂತ ಮೇಲೆ ಸೀಳು ಬಿಡುತ್ತದೆ. ಒಣಗಿದ ಮರ 8,400 ಕಾಯಿಗಾಗುವಷ್ಟು ಅವರ ಬಳಿ ಈಗ ಇದೆಯೇ ಎಂದು ನೋಡಿ ಬನ್ನಿ. ಇಲ್ಲದಿದ್ದರೆ ನಿಮ್ಮ ದಿನಾಂಕ ಅಲ್ಲೇ ತೀರ್ಮಾನವಾಯಿತು. 100 ಕಾಯಿ ಮೊದಲು ಮಾಡಿಸಿ, ಎಷ್ಟು ಹೊತ್ತಾಯಿತು ಎಂದು ಬರೆದುಕೊಂಡು 84ರಿಂದ ಗುಣಿಸಿ. ಬಾಯಿಮಾತಿನ "ಆಗುತ್ತೆ ಬಿಡಿ" ನಂಬಿ ಗಿರಾಕಿಗೆ ದಿನ ಹೇಳಬೇಡಿ.

ಶೀಟು_ಲೆಕ್ಕ

ದೀಪಾವಳಿಗೆ ಕೊಡುತ್ತೇವೆ ಎಂಬ ಮಾತು ಬೇಡ ಅನ್ನಲು ನನ್ನ ಕಡೆಯಿಂದಲೂ ಕಾರಣ ಇದೆ. ಶಿವಕಾಶಿಯಲ್ಲಿ ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ಕ್ಯಾಲೆಂಡರ್, ಡೈರಿಯ ಕಾಲ. 500 ಪ್ರತಿಯ ಕೆಲಸ ಆಗ ಹಿಂದಕ್ಕೆ ಸರಿಯುತ್ತದೆ. ಜೂನ್ ಕೊನೆಗೆ ಅಭಿಯಾನ ಮುಗಿದರೆ ಫೈಲ್ ಅಂತಿಮಗೊಳಿಸಲು ಮೂರು ವಾರ, ಪ್ರೂಫ್ ನೋಡಿ ಒಪ್ಪಲು ಒಂದು ವಾರ, ಅಷ್ಟರಲ್ಲಿ ಜುಲೈ ಮುಗಿದಿರುತ್ತದೆ, ಸರಿಯಾಗಿ ಆ ಗದ್ದಲಕ್ಕೇ ಸಿಕ್ಕಿಬೀಳುತ್ತೀರಿ.

ಅವಸರ ಮಾಡಿಸಿದರೆ ಮೊದಲು ಕೆಡುವುದು ಬೋರ್ಡ್. 2 ಮಿ.ಮೀ. ರಟ್ಟಿನ ಒಂದೇ ಬದಿಗೆ ಕಾಗದ ಅಂಟಿಸಿದರೆ, ಅಥವಾ ಎರಡೂ ಬದಿ ಅಂಟಿಸಿ ಭಾರದ ಕೆಳಗೆ ಪೂರ್ತಿ ಒಣಗಲು ಬಿಡದೆ ಪ್ಯಾಕ್ ಮಾಡಿದರೆ, ಬಾಣಲೆಗೆ ಬಿಟ್ಟ ಹಪ್ಪಳದ ಹಾಗೆ ಮುರುಟುತ್ತದೆ. ಪ್ರೆಸ್ಸಿನಲ್ಲಿ ನೋಡುವಾಗ ಚಪ್ಪಟೆಯೇ ಇರುತ್ತದೆ, ವಾರದ ನಂತರ ಗಿರಾಕಿಯ ಮೇಜಿನ ಮೇಲೆ ಮೂಲೆ ಎದ್ದಿರುತ್ತದೆ. ಮೊದಲು ಒಣಗಿದ ಐದು ಬೋರ್ಡ್ ತರಿಸಿ, ಒಂದು ವಾರ ಮನೆಯಲ್ಲಿ ಹಾಗೇ ಬಿಟ್ಟು, ಮೂಲೆಯ ಕೆಳಗೆ ಒಂದು ಕಾರ್ಡ್ ತೂರಿಸಿ ನೋಡಿ. ಸಲೀಸಾಗಿ ತೂರಿದರೆ ಉಳಿದವನ್ನು ಪ್ಯಾಕ್ ಮಾಡಲು ಬಿಡಬೇಡಿ.

ಕಾರ್ಡ್, ಬೋರ್ಡ್, ಡಬ್ಬಿ, ಕಾಯಿ ಇವುಗಳಲ್ಲಿ ಕೊನೆಗೆ ಬರುವುದು ಯಾವುದೋ ಅದು ಬಂದ ಮೇಲೆಯೇ ಡಬ್ಬಿಗೆ ತುಂಬುವ ಕೆಲಸ ಶುರು. ಅದಕ್ಕೆ ಹತ್ತು ದಿನ, ರವಾನೆಗೆ ಎರಡು ವಾರ ಸೇರಿಸಿ ತಿಂಗಳು ಹೇಳಿ. ಹಬ್ಬದ ಹೆಸರು ಹೇಳಬೇಡಿ, ಉಡುಗೊರೆಗೆಂದು ಕೊಂಡವರಿಗೆ ಹಬ್ಬ ಕಳೆದ ಮರುದಿನವೇ ಆಟ ಬೇಡವಾಗುತ್ತದೆ.

ಹಾವು_ಏಣಿ

ಡಬ್ಬಿಯ ಮೇಲೆ ವಯಸ್ಸು ಎಷ್ಟು ಹಾಕುತ್ತೀರಿ? 14 ವರ್ಷದ ಒಳಗಿನ ಮಕ್ಕಳ ಆಟದ ಸಾಮಾನಿಗೆ 2021ರ ಜನವರಿಯಿಂದ ಬಿಐಎಸ್ ಗುರುತು ಕಡ್ಡಾಯ.

ಕವಡೆ_ಆಟ (ಮೈಸೂರು)

"8+" ಅಂತ ಹಾಕಿದ್ದೆವು! 14+ ಎಂದು ಬದಲಾಯಿಸಿದರೆ ಆಯಿತೇ?

ತೆರಿಗೆ_ಟಿಪ್ಪಣಿ

ಬರೀ ಅಂಕಿ ಬದಲಾಯಿಸಿದರೆ ಸಾಲದು. ಆಟ ಯಾರಿಗಾಗಿ ಮಾಡಿದ್ದು ಎಂಬುದು ನೋಡಿದರೆ ತಿಳಿಯುವಂತಿರಬೇಕು. ನಿಯಮ ದೊಡ್ಡವರ ಆಟದಷ್ಟು ಇದ್ದರೆ 14+ ನಿಲ್ಲುತ್ತದೆ. ಪುಟ್ಟ ಮಕ್ಕಳ ಚಿತ್ರ ಹಾಕಿ, ಜಾಹೀರಾತಿನಲ್ಲಿ ಮಕ್ಕಳೇ ಆಡುತ್ತಿದ್ದರೆ ನಿಲ್ಲುವುದಿಲ್ಲ. ಆಟ ನಿಜಕ್ಕೂ ಮಕ್ಕಳಿಗೇ ಆದರೆ ಪರವಾನಗಿಯ ಖರ್ಚು, ಸಮಯ ಎರಡನ್ನೂ ಗುರಿಯ ಲೆಕ್ಕಕ್ಕೆ ಸೇರಿಸಿ.

ಕವಡೆ_ಆಟ (ಮೈಸೂರು)

ಎಲ್ಲರಿಗೂ ಧನ್ಯವಾದ. ಆಟ ಒಂದೂವರೆ ಗಂಟೆಯದು, ಹರಾಜು ಇದೆ, ನಿಜಕ್ಕೂ ದೊಡ್ಡವರದ್ದೇ. ಜಾಹೀರಾತಿನ ಚಿತ್ರ ಬದಲಾಯಿಸುತ್ತೇವೆ.

ಈಗ ಹೀಗೆ ತಿದ್ದಿದ್ದೇವೆ: ಗುರಿ ₹5.5 ಲಕ್ಷ, 500 ಪ್ರತಿ. ಡಬ್ಬಿ 29×22×7, ಹೊಸ ಕೊಟೇಶನ್ ಕೇಳಿದ್ದೇವೆ, ಅದು ಬಂದ ಮೇಲೆ ಗುರಿ ಮತ್ತೆ ಲೆಕ್ಕ ಹಾಕುತ್ತೇವೆ. ಮೂರೇ ಕೊಡುಗೆ. ಹೆಚ್ಚುವರಿಯಾಗಿ ಎರಡೇ ಕಾರ್ಡ್. ಅಭಿಯಾನ ನವೆಂಬರ್‌ಗೆ ಮುಂದೂಡಿ, ಅಚ್ಚು ಫೆಬ್ರವರಿಯಲ್ಲಿ, ತಲುಪಿಸುವುದು ಮೇ ಎಂದು ಬರೆಯುತ್ತೇವೆ. ಅಷ್ಟರೊಳಗೆ ಮರ ಒಣಗಲು ಸಮಯ ಸಿಗುತ್ತದೆ. ಹಣ ಕಟ್ಟಿದ ದಿನದಿಂದ ಮೇ ತಿಂಗಳಿಗೆ ಆರು-ಏಳು ತಿಂಗಳು, 365 ದಿನಕ್ಕೆ ಇನ್ನೂ ಐದು ತಿಂಗಳು ಉಳಿಯುತ್ತದೆ.

ಕೊರಿಯರ್ ಸೇರಿಸುವುದೋ ಬಿಡುವುದೋ ಎಂಬುದು ಮಾತ್ರ ತೀರ್ಮಾನ ಆಗಿಲ್ಲ. ಮೊದಲು ಆಸಕ್ತರ ಪಿನ್‌ಕೋಡ್ ಕೇಳುವ ಒಂದು ಫಾರ್ಮ್ ಹಾಕುತ್ತೇವೆ, ಹಣ ತೆಗೆದುಕೊಳ್ಳುವುದಿಲ್ಲ.

ಪಗಡೆಪ್ರಿಯೆ

ಪಿನ್‌ಕೋಡ್ ಫಾರ್ಮಿನಲ್ಲಿ 366ರ ಮೂರು ಪಟ್ಟು ಹೆಸರು ಬರದಿದ್ದರೆ ಅಭಿಯಾನ ತೆರೆಯಬೇಡಿ. ಹೆಸರು ಕೊಟ್ಟವರೆಲ್ಲ ಹಣ ಕಟ್ಟುವುದಿಲ್ಲ.

ಶೀಟು_ಲೆಕ್ಕ

ಮೂರು ಪಟ್ಟು ಸಾಕು ಅನ್ನುವ ಧೈರ್ಯ ನನಗಿಲ್ಲ, ಐದು ಪಟ್ಟು ಇರಲಿ. ಹೊಸ ಕೊಟೇಶನ್ ಬಂದಾಗ 300, 500, 1,000 ಮೂರಕ್ಕೂ ತರಿಸಿ ಇಲ್ಲೇ ಹಾಕಿ, ಸ್ಥಿರ ಖರ್ಚು ಎಷ್ಟು ಬದಲಾಗಿದೆ ನೋಡೋಣ.